ಮೂವತ್ತೇಳು ಪೀಸು, ಒಂದು 'ಅವನು': ಭೋಸರಿಯಿಂದ ಬೆಳಗಾವಿಗೆ ಹೋದ ಮೇಲ್

ಪುಣೆಯ ಭೋಸರಿ ಎಂಐಡಿಸಿಯಲ್ಲಿ ಪಂಪಿನ ಬಿಡಿಭಾಗ ತಯಾರಿಸುವ ಒಂದು ಮಷಿನ್ ಶಾಪ್. ಅದಕ್ಕೆ ಎರಕದ ಹೌಸಿಂಗ್, ಅಂದರೆ ಪಂಪಿನ ಹೊರಕವಚ, ಕೊಡುವುದು ಬೆಳಗಾವಿ ಉದ್ಯಮಬಾಗದ ಒಂದು ಫೌಂಡ್ರಿ. ಹನ್ನೆರಡು ವರ್ಷದ ವ್ಯವಹಾರ. ಭೋಸರಿ ಕಡೆಯ ಖರೀದಿ ನೋಡಿಕೊಳ್ಳುವವಳು ಧಾರವಾಡ ಮೂಲದ ಹುಡುಗಿ. ಹುಟ್ಟಿ ಬೆಳೆದದ್ದು ಪುಣೆಯಲ್ಲಿ, ಓದಿದ್ದು ಇಂಗ್ಲಿಷ್‌ನಲ್ಲಿ. ಮನೆಯಲ್ಲಿ ಕನ್ನಡ ಚೆನ್ನಾಗಿ ಮಾತಾಡುತ್ತಾಳೆ, ಬರೆಯಲು ಕೂತರೆ ಮಾತ್ರ ಕೈ ತಡೆಯುತ್ತದೆ. ಫೌಂಡ್ರಿಯ ಯಜಮಾನರಿಗೆ ಅರವತ್ತು ದಾಟಿದೆ. ಫೋನಿನಲ್ಲಿ ಅವಳಿಗೆ ಅವರು 'ಕಾಕಾ', ಅವರಿಗೆ ಅವಳು 'ತಂಗಿ'. ಈ ಪ್ರಕರಣ ಯಾವುದೋ ಒಂದೇ ಕಂಪನಿಯ ಕಡತವಲ್ಲ. ಇಂಥ ಪತ್ರವ್ಯವಹಾರದಲ್ಲಿ ಮತ್ತೆ ಮತ್ತೆ ಕಾಣುವ ತಪ್ಪುಗಳನ್ನು ಒಂದೇ ಎಳೆಯಲ್ಲಿ ಪೋಣಿಸಿದ್ದು.

ಸಮಸ್ಯೆ ಸರಳ. 400 ಹೌಸಿಂಗ್ ಬಂದವು. ಬೋರ್ ಕೊರೆದ ಮೇಲೆ 37ರಲ್ಲಿ ಬ್ಲೋ ಹೋಲ್ ಕಾಣಿಸಿತು. ಕರಗಿದ ಕಬ್ಬಿಣದಲ್ಲಿ ಗ್ಯಾಸ್ ಸಿಕ್ಕಿಕೊಂಡು ಆಗುವ, ಒಳಗೋಡೆ ನುಣುಪಾದ ತೂತು ಅದು. ಹೊರಚರ್ಮದ ಕೆಳಗೆ ಅಡಗಿರುವುದರಿಂದ ಮಷಿನಿಂಗ್ ಆಗುವ ತನಕ ಗೊತ್ತಾಗುವುದಿಲ್ಲ. ಮರಳಿನಲ್ಲಿ ತೇವ ಹೆಚ್ಚಾಗಿರಬಹುದು, ಒಳಗಿನ ಟೊಳ್ಳಿಗಾಗಿ ಅಚ್ಚಿನಲ್ಲಿ ಇಡುವ ಮರಳಿನ ಕೋರ್ ಸರಿಯಾಗಿ ಒಣಗಿರದೆ ಇರಬಹುದು, ಗಾಳಿ ಹೋಗಲು ವೆಂಟ್ ಸಾಲದೆ ಇರಬಹುದು. ಬದಲಿ ಪೀಸು ಬೇಕು, ಕಾರಣ ತಿಳಿಯಬೇಕು, ಇಷ್ಟೇ ಮೇಲ್‌ನಲ್ಲಿ ಹೇಳಬೇಕಾದದ್ದು. ಯಜಮಾನರಿಗೆ ಇಂಗ್ಲಿಷ್‌ಗಿಂತ ಕನ್ನಡ ಓದುವುದು ಹಗುರ. ಹಾಗಾಗಿ ಮರ್ಯಾದೆ ಎಂದೇ ಅವಳು ಕನ್ನಡದಲ್ಲಿ ಕಳಿಸಲು ನಿರ್ಧರಿಸಿದಳು. ಇಂಗ್ಲಿಷ್‌ನಲ್ಲಿ ಬರೆದು, ಗ್ರಾಮರ್ ಚೆಕರ್‌ನಲ್ಲಿ ತಿದ್ದಿಸಿ, ಅನುವಾದ ತಂತ್ರಾಂಶಕ್ಕೆ ಹಾಕಿ, ಬಂದದ್ದನ್ನು ಹಾಗೇ ಅಂಟಿಸಿ ಮಂಗಳವಾರ ಕಳಿಸಿದಳು. ಬೆಳಗಾವಿಗೆ ಮುಟ್ಟಿದ ಮೇಲ್ ಇದು:

"ಆತ್ಮೀಯ ಸರ್,
ನೀವು 400 ಎರಕಹೊಯ್ದಗಳನ್ನು ಸರಬರಾಜು ಮಾಡಿದ್ದೀರಿ, ಅವುಗಳಲ್ಲಿ 37 ದೋಷಯುಕ್ತವಾಗಿವೆ. ನಾವು ಅವುಗಳನ್ನು ತಿರಸ್ಕರಿಸಿದ್ದೇವೆ. ಕಳೆದ ತಿಂಗಳು ನಿಮ್ಮ ಸಹೋದರ ನಮ್ಮ ಕಾರ್ಖಾನೆಗೆ ಭೇಟಿ ನೀಡಿದ್ದರು. ಅವನು ಮರಳಿನ ತೇವಾಂಶವನ್ನು ಪರಿಶೀಲಿಸುವುದಾಗಿ ಹೇಳಿದನು. ಇದನ್ನು ಏಕೆ ಮಾಡಲಾಗಿಲ್ಲ ಎಂದು ದಯವಿಟ್ಟು ವಿವರಿಸಿ. ನೀವು ಮುಂದಿನ ಶುಕ್ರವಾರದೊಳಗೆ 37 ಬದಲಿಗಳನ್ನು ಕಳುಹಿಸಬೇಕು. ದಯವಿಟ್ಟು ಅದನ್ನು ದೃಢೀಕರಿಸಿ.
ಅಭಿನಂದನೆಗಳು"

ನಾಲ್ಕು ದಿನ ಉತ್ತರ ಇಲ್ಲ. ಶನಿವಾರ ಇಂಗ್ಲಿಷ್‌ನಲ್ಲಿ ಒಂದೇ ಸಾಲು ಬಂತು: ನೋಟ್ ಮಾಡಿಕೊಂಡಿದ್ದೇವೆ, ಮಾಲನ್ನು ನಿಮ್ಮ ಖರ್ಚಿನಲ್ಲಿ ವಾಪಸ್ ಕಳಿಸಿ. ಹನ್ನೆರಡು ವರ್ಷದಲ್ಲಿ ಆ ಮನುಷ್ಯ ಹೀಗೆ ಬರೆದದ್ದೇ ಇಲ್ಲ. ಭೋಸರಿಯವರು ಇದನ್ನು ಮೊಂಡುತನ ಎಂದುಕೊಂಡರು. ನಿಜ ತಿಳಿದದ್ದು ಎರಡೂ ಕಡೆ ಮಾಲು ಸಾಗಿಸುವ ಟ್ರಾನ್ಸ್‌ಪೋರ್ಟಿನವನ ಬಾಯಿಂದ: "ಯಜಮಾನ್ರು ಭಾಳ ಸಿಟ್ಟಾಗ್ಯಾರ್ರೀ. ಅಣ್ಣಾರಿಗೆ ಅವನು ಇವನು ಅಂತ ಬರ್ದಾರಂತ."

ಸಿಟ್ಟಿಗೆ ಮೂಲ ಆ ಒಂದು ಪದ, ಹಾಗಾಗಿ ಅದನ್ನೇ ಮೊದಲು ನೋಡೋಣ. ಫೌಂಡ್ರಿಯ ಮೋಲ್ಡಿಂಗ್ ಶಾಪ್ ನೋಡಿಕೊಳ್ಳುವವರು ಯಜಮಾನರ ಅಣ್ಣ. ಇಂಗ್ಲಿಷ್‌ನಲ್ಲಿ ಅಣ್ಣನೂ ತಮ್ಮನೂ ಒಂದೇ 'ಬ್ರದರ್', ದೊಡ್ಡವರೂ ಚಿಕ್ಕವರೂ ಒಂದೇ 'ಹೀ'. ಕನ್ನಡಕ್ಕೆ ಬರುವಾಗ ಯಂತ್ರ ಎರಡು ಕಡೆ ಆಯ್ಕೆ ಮಾಡಬೇಕು, ಆದರೆ ಆಯ್ಕೆಗೆ ಬೇಕಾದ ಮಾಹಿತಿ ಇಂಗ್ಲಿಷ್ ವಾಕ್ಯದಲ್ಲೇ ಇಲ್ಲ. ಹಾಗಾಗಿ ಅದು ಊಹಿಸುತ್ತದೆ. ಮೇಲಿನ ಮೇಲ್‌ನಲ್ಲಿ ಮೊದಲ ವಾಕ್ಯ 'ಭೇಟಿ ನೀಡಿದ್ದರು' ಎಂದು ಸರಿಯಾಗಿದೆ, ಮರುವಾಕ್ಯ 'ಹೇಳಿದನು' ಎಂದು ಜಾರಿದೆ. ವಾಕ್ಯ ವಾಕ್ಯವಾಗಿ ಅನುವಾದವಾದಾಗ ಹಿಂದಿನ ಸಾಲಿನ ಗೌರವ ಮುಂದಿನ ಸಾಲಿಗೆ ದಾಟುವುದಿಲ್ಲ. ಇದೇ ಮೇಲನ್ನು ಇನ್ನೊಂದು ದಿನ ಹಾಕಿದರೆ ಎರಡೂ ಸರಿಯಾಗಿ ಬಂದೀತು, ಅಥವಾ ಎರಡೂ ತಪ್ಪಿ ಬಂದೀತು. ಓದುವವರಿಗೆ ಮಾತ್ರ ಇದು ಯಂತ್ರದ ಜಾರಿಕೆ ಎಂದು ಅನ್ನಿಸುವುದಿಲ್ಲ. ಒಂದು ಸಾಲಿನಲ್ಲಿ ಬಹುವಚನ ಹಾಕಿ ಮುಂದಿನ ಸಾಲಿನಲ್ಲೇ ಏಕವಚನಕ್ಕೆ ಇಳಿದರೆ, ಮೊದಲಿಂದ ಏಕವಚನ ಬಳಸಿದ್ದಕ್ಕಿಂತ ಹೆಚ್ಚು ಚುಚ್ಚುತ್ತದೆ. ಬೇಕೆಂದೇ ಇಳಿದ ಹಾಗೆ ಕಾಣುತ್ತದೆ.

'ನೀವು' ವಿಷಯದಲ್ಲಿ ತಂತ್ರಾಂಶಗಳು ಅಷ್ಟಾಗಿ ತಪ್ಪುವುದಿಲ್ಲ. ಎದುರಿಗಿರುವವರಿಗೆ ಬಹುವಚನ ಹಾಕುವುದೇ ಅವುಗಳಿಗೆ ರೂಢಿ. ಎಡವುವುದು ಅಲ್ಲಿ ಇಲ್ಲದ ಮೂರನೆಯವರ ಬಗ್ಗೆ: ತಂದೆ, ಅಣ್ಣ, ಹಳೆಯ ಫೋರ್‌ಮನ್, ಲೆಕ್ಕ ನೋಡುವವರು. ಕಳಿಸುವವರು ಪರೀಕ್ಷಿಸುವುದು ಮಾತ್ರ 'ನೀವು' ಬಂದಿದೆಯೇ ಎಂದು.

ಇದನ್ನು ಹಿಡಿಯಲು ಬಹಳ ಜನ ಮಾಡುವ ಉಪಾಯವೆಂದರೆ ಬಂದ ಕನ್ನಡವನ್ನು ತಿರುಗಿ ಇಂಗ್ಲಿಷ್‌ಗೆ ಹಾಕಿ ನೋಡುವುದು. ಈ ಹುಡುಗಿಯೂ ಹಾಕಿ ನೋಡಿದ್ದಳು. ತನ್ನದೇ ಇಂಗ್ಲಿಷ್ ಹೆಚ್ಚುಕಡಿಮೆ ಹಾಗೇ ವಾಪಸ್ ಬಂದದ್ದರಿಂದ ಸಮಾಧಾನವಾಗಿತ್ತು. ಈ ಪರೀಕ್ಷೆ ಇಲ್ಲಿ ಕೆಲಸ ಮಾಡುವುದು ಸಾಧ್ಯವೇ ಇಲ್ಲ. 'ಅವನು ಹೇಳಿದನು' ತಿರುಗಿದರೆ 'ಹೀ ಸೆಡ್', 'ಅವರು ಹೇಳಿದರು' ತಿರುಗಿದರೂ ಬಹುಮಟ್ಟಿಗೆ 'ಹೀ ಸೆಡ್'. ಇಂಗ್ಲಿಷ್‌ನಲ್ಲಿ ಇಲ್ಲದ ವ್ಯತ್ಯಾಸವನ್ನು ಇಂಗ್ಲಿಷ್‌ನಲ್ಲಿ ನಿಂತು ಕಾಣಲಾಗದು. ತಿರುಗಿಸಿ ನೋಡುವುದರಿಂದ ಸಂಖ್ಯೆ, ದಿನಾಂಕ, 'ಇದೆ–ಇಲ್ಲ'ದಂಥ ದೊಡ್ಡ ತಪ್ಪು ಸಿಗುತ್ತವೆ. ಧಾಟಿ ಸಿಗುವುದಿಲ್ಲ.

ಹಳೆಯ ತಂತ್ರಾಂಶಗಳಲ್ಲಿ ಈ ಅಪಾಯ ಒಂದು ರೀತಿಯಲ್ಲಿ ಕಡಿಮೆ ಇತ್ತು. ಗೂಗಲ್ ಅನುವಾದಕ್ಕೆ ಕನ್ನಡ ಸೇರಿದ್ದು 2011ರಲ್ಲಿ. ಆಗಿನ ವಾಕ್ಯಗಳು ಎಷ್ಟು ಮುರಿದಿರುತ್ತಿದ್ದವೆಂದರೆ ಯಾರೂ ಹಾಗೇ ಕಳಿಸುತ್ತಿರಲಿಲ್ಲ. ಕಳಿಸಿದರೂ ಓದಿದವರು "ಇದು ಮಷಿನ್ ಮಾಡಿದ್ದು" ಎಂದು ನಕ್ಕು ಬಿಡುತ್ತಿದ್ದರು. 2017ರಲ್ಲಿ ನ್ಯೂರಲ್ ವಿಧಾನ ಬಂದ ಮೇಲೆ ವಾಕ್ಯ ಸಲೀಸಾಯಿತು. ಸಲೀಸಾದ ವಾಕ್ಯಕ್ಕೆ ಓದುಗರು ಯಂತ್ರವನ್ನಲ್ಲ, ಕೆಳಗೆ ಹೆಸರು ಹಾಕಿದವರನ್ನು ಹೊಣೆ ಮಾಡುತ್ತಾರೆ.

ಇನ್ನು ಗ್ರಾಮರ್ ಚೆಕರ್ ಮಾಡಿದ ಕೆಲಸ. ಅದು ಅನುವಾದಕ್ಕೂ ಮೊದಲೇ, ಇಂಗ್ಲಿಷ್‌ನಲ್ಲೇ ನಡೆದಿತ್ತು. ಹುಡುಗಿಯ ಮೊದಲ ಕರಡಿನಲ್ಲಿ "ವೇರ್ ಫೌಂಡ್ ವಿತ್ ಬ್ಲೋ ಹೋಲ್ಸ್" ಎಂದಿತ್ತು, ಅಂದರೆ ಕರ್ಮಣಿ ಪ್ರಯೋಗ. ಚೆಕರ್ ಅದರ ಕೆಳಗೆ ಗೆರೆ ಎಳೆದು ಕರ್ತರಿ ಪ್ರಯೋಗ ಬಳಸಿ ಎಂದಿತು. ಯಾರು ಮಾಡಿದರು ಎಂಬುದು ಅದಕ್ಕೆ ಗೊತ್ತಿಲ್ಲ, ಗೆರೆ ಹೋಗಬೇಕಾದರೆ ಒಬ್ಬ ಕರ್ತೃ ಬೇಕು. ಅವಳು 'ಯೂ ಸಪ್ಲೈಡ್' ಎಂದು ತಿದ್ದಿದಳು, ಗೆರೆ ಹೋಯಿತು. 'ನಮಗೆ ಕಂಡಿತು' ಎಂದು ತಿದ್ದಿದ್ದರೂ ಗೆರೆ ಹೋಗುತ್ತಿತ್ತು. ಎರಡೂ ಚೆಕರ್‌ಗೆ ಸಮಾನ, ಬೆಳಗಾವಿಗೆ ಸಮಾನವಲ್ಲ.

ಇಲ್ಲಿ ಕೆಟ್ಟದ್ದು ಮರ್ಯಾದೆಯೊಂದೇ ಅಲ್ಲ, ಸತ್ಯವೂ. ತೂತು ಯಾವ ಕಾರಣದಿಂದ ಬಂತು ಎಂದು ಇನ್ನೂ ಪರೀಕ್ಷೆಯಾಗಿಲ್ಲ. 'ಬ್ಲೋ ಹೋಲ್ ಕಾಣಿಸಿಕೊಂಡಿವೆ' ಎಂಬಲ್ಲಿ ಕರ್ತೃ ಇಲ್ಲದಿರುವುದು ನುಣುಚಿಕೊಳ್ಳುವ ಮಾತಲ್ಲ, ಗೊತ್ತಿರುವಷ್ಟನ್ನೇ ಹೇಳುವ ಮಾತು. ಕನ್ನಡದಲ್ಲಿ ಇದಕ್ಕೆ ಕರ್ಮಣಿಯ ಭಾರವೂ ಬೇಡ. 'ಕಂಡಿದೆ', 'ಬಂದಿದೆ', 'ಆಗಿದೆ', 'ಉಳಿದಿದೆ' ಎಂಬ ಸಣ್ಣ ಕ್ರಿಯಾಪದಗಳು ಯಾರ ಮೇಲೂ ಬೆರಳು ತೋರದೆ ಸಂಗತಿ ಹೇಳುತ್ತವೆ. 'ಪರಿಶೀಲಿಸಲಾಗಿಲ್ಲ', 'ಮಾಡಲಾಗಿಲ್ಲ' ಎಂಬ '-ಲಾಗಿದೆ' ವಾಕ್ಯಗಳು ಮಾತ್ರ ಸರ್ಕಾರಿ ಸುತ್ತೋಲೆಯ ಭಾಷೆ. 'ಏಕೆ ಮಾಡಲಾಗಿಲ್ಲ ಎಂದು ವಿವರಿಸಿ' ಎನ್ನುವುದು ನೇರವಾಗಿ ಕಾರಣ ಕೇಳಿ ಬಂದ ನೋಟಿಸಿನ ಸಾಲು.

ಚೆಕರ್ ಇನ್ನೂ ಎರಡು ಸಾಲು ತಿಂದಿತ್ತು. ಕರಡಿನ ಆರಂಭದಲ್ಲಿ "ಹೊಸ ಫರ್ನೇಸ್ ಚೆನ್ನಾಗಿ ನಡೆಯುತ್ತಿದೆ ಎಂದುಕೊಂಡಿದ್ದೇನೆ" ಎಂಬರ್ಥದ ಒಂದು ವಾಕ್ಯ, ಕೊನೆಯಲ್ಲಿ 'ಕೈಂಡ್ಲಿ ಡೂ ದ ನೀಡ್‌ಫುಲ್' ಇದ್ದವು. ಮೊದಲನೆಯದು ವಿಷಯಕ್ಕೆ ಸಂಬಂಧವಿಲ್ಲದ ಉದ್ದ, ಎರಡನೆಯದು ಹಳತಾದ ಪ್ರಯೋಗ ಎಂದು ಸೂಚನೆ ಬಂತು. ನೀಡ್‌ಫುಲ್ ಹೋದರೆ ಯಾರಿಗೂ ನಷ್ಟವಿಲ್ಲ, ಬಿಡಿ. ಫರ್ನೇಸಿನ ಸಾಲು ಹೋಗಬಾರದಿತ್ತು. ಕುಶಲ ಕೇಳದೆ ದೂರು ಶುರುಮಾಡುವುದು ಗೊತ್ತಿಲ್ಲದವರಿಗೆ ಬರೆಯುವ ರೀತಿ. ಹನ್ನೆರಡು ವರ್ಷದ ಒಡನಾಟದವರು ಹಾಗೆ ಬರೆದರೆ, ಒಡನಾಟ ಮುಗಿಯಿತೇನೋ ಎಂದು ಓದುವವರು ಅರ್ಥ ಮಾಡಿಕೊಳ್ಳುತ್ತಾರೆ. ಒಂದೇ ಸಾಲು ಸಾಕು, ಆದರೆ ಅದು ನಿರ್ದಿಷ್ಟವಾಗಿರಬೇಕು. 'ನೀವು ಕ್ಷೇಮವೆಂದು ಭಾವಿಸುತ್ತೇನೆ' ಎಂಬುದು ಅಚ್ಚಿನ ಮಾತು, 'ಹೊಸ ಫರ್ನೇಸ್' ಎಂದರೆ ಆ ಮನೆಯ ಸುದ್ದಿ ಗೊತ್ತಿರುವ ಮಾತು.

'ದಯವಿಟ್ಟು' ಬಗ್ಗೆಯೂ ಹೇಳಬೇಕು. 'ಪ್ಲೀಸ್' ಕಂಡಲ್ಲೆಲ್ಲ ಯಂತ್ರ ಅದನ್ನು ಹಾಕುತ್ತದೆ. ಕನ್ನಡದಲ್ಲಿ ವಿನಯ ಇರುವುದು ಕ್ರಿಯಾಪದದ ಬಾಲದಲ್ಲಿ: ಕಳಿಸಿ, ಕಳಿಸಿಕೊಡಿ, ಕಳಿಸಿಕೊಟ್ಟರೆ ಅನುಕೂಲ, ಕಳಿಸಿಕೊಡಬೇಕಾಗಿ ವಿನಂತಿ. 'ಕೊಡು' ಸೇರಿದ ಕೂಡಲೇ ಅದು ನಮಗೆ ಮಾಡುವ ಉಪಕಾರವಾಗುತ್ತದೆ. 'ದಯವಿಟ್ಟು ದೃಢೀಕರಿಸಿ' ಎಂಬುದಕ್ಕೆ ದೇವಸ್ಥಾನದ ಬಾಗಿಲಲ್ಲಿ ತೂಗುವ 'ದಯವಿಟ್ಟು ಚಪ್ಪಲಿ ಇಲ್ಲಿ ಬಿಡಿ' ಫಲಕದ ದನಿ. ಹಾಗೆಯೇ 'ಕಳುಹಿಸಬೇಕು' ಅಪ್ಪಣೆ, 'ಕಳಿಸಿಕೊಡಬೇಕು' ಕೋರಿಕೆ. ನಡುವೆ ಇರುವುದು ಎರಡಕ್ಷರ.

ಪದಗಳಲ್ಲಿ ಕೆಟ್ಟದ್ದು 'ತಿರಸ್ಕರಿಸಿದ್ದೇವೆ'. ನಿಘಂಟಿನಲ್ಲಿ ತಪ್ಪಿಲ್ಲ. ಆದರೆ ಕನ್ನಡದಲ್ಲಿ ತಿರಸ್ಕಾರ ಎಂದರೆ ತುಚ್ಛವಾಗಿ ಕಾಣುವುದೂ ಹೌದು. ಶಾಪ್‌ನಲ್ಲಿ ಎಲ್ಲರೂ ಹೇಳುವುದು 'ರಿಜೆಕ್ಟ್ ಆಗಿವೆ' ಎಂದೇ. 'ಎರಕಹೊಯ್ದ' ಎಂಬುದು 'ಹೊಯ್ದಂಥ' ಎನ್ನುವ ವಿಶೇಷಣ, ಅದಕ್ಕೆ 'ಗಳು' ಹಚ್ಚಿದರೆ ವಸ್ತುವಿನ ಹೆಸರಾಗುವುದಿಲ್ಲ. ಕಾಸ್ಟಿಂಗ್, ಹೀಟ್ ನಂಬರ್, ಕ್ರೆಡಿಟ್ ನೋಟ್ ಇಂಥವನ್ನು ಕನ್ನಡ ಲಿಪಿಯಲ್ಲಿ ಹಾಗೇ ಬಿಡುವುದು ಲೇಸು. ಹೀಟ್ ನಂಬರ್ ಎಂದರೆ ಒಂದು ಸಲಕ್ಕೆ ಕರಗಿಸಿದ ಲೋಹದ ಗುರುತಿನ ಸಂಖ್ಯೆ, ಅದನ್ನು 'ಶಾಖ ಸಂಖ್ಯೆ' ಮಾಡಿದರೆ ಫೌಂಡ್ರಿಯವರೇ ತಲೆ ಕೆರೆದುಕೊಂಡಾರು. ಕೊನೆಯ 'ಅಭಿನಂದನೆಗಳು' 'ರಿಗಾರ್ಡ್ಸ್'ನ ಅವತಾರ. ಮೂವತ್ತೇಳು ಪೀಸು ಕೆಟ್ಟದ್ದಕ್ಕೆ ಅಭಿನಂದನೆ!

ಉಳಿದದ್ದು ಶುಕ್ರವಾರ. ಮಂಗಳವಾರ ಬರೆದ ಮೇಲ್‌ನಲ್ಲಿ 'ಮುಂದಿನ ಶುಕ್ರವಾರ' ಎಂದರೆ ಮೂರು ದಿನವೋ ಹತ್ತು ದಿನವೋ? ಅವಳ ಮನಸ್ಸಿನಲ್ಲಿದ್ದದ್ದು ಹತ್ತು ದಿನ. ಬೆಳಗಾವಿಯಲ್ಲಿ ಓದಿಕೊಂಡದ್ದು ಮೂರು. ಅಚ್ಚು ಕಟ್ಟಿ, ಎರಕ ಹೊಯ್ದು, ಆರಿಸಿ, ಮರಳು ಬಿಡಿಸಿ, ಅಂಚು ಉಜ್ಜಿ ಕಳಿಸಲು ಮೂರು ದಿನ ಎಂದರೆ ಅದು ಬೇಡಿಕೆಯಲ್ಲ, ಬೆದರಿಕೆ. ಅವಳ ಹತ್ತನೆಯ ದಿನವೂ ಸರಿಯಿರಲಿಲ್ಲ. ಅಂದು ಖಂಡೇನವಮಿ. ಬೆಳಗಾವಿಯಲ್ಲೂ ಭೋಸರಿಯಲ್ಲೂ ಯಂತ್ರಕ್ಕೆ ಪೂಜೆ, ಕೆಲಸ ಬಂದ್. ಆ ದಿನ ಫರ್ನೇಸ್ ಹೊತ್ತಿಸಿ ಎಂದು ಗೊತ್ತಿದ್ದವರು ಕೇಳುವುದಿಲ್ಲ. ತಾರೀಖನ್ನೇ ಬರೆದಿದ್ದರೆ ಅವಳಿಗೂ ಹೊಳೆಯುತ್ತಿತ್ತು. 'ಒಳಗೆ' ಎಂದದ್ದು ಬೆಳಗಾವಿಯಿಂದ ಹೊರಡುವುದಕ್ಕೋ ಭೋಸರಿಗೆ ಮುಟ್ಟುವುದಕ್ಕೋ ಎಂಬುದೂ ಇಲ್ಲ. ಹೆದ್ದಾರಿಯಲ್ಲಿ ಒಂದು ರಾತ್ರಿಯ ದಾರಿ ಅದು, ಲೈನ್ ನಿಲ್ಲುವ ಹೊತ್ತಿನಲ್ಲಿ ಆ ಒಂದು ರಾತ್ರಿಗೂ ಲೆಕ್ಕವಿದೆ.

ಸರಿಪಡಿಸುವ ಕೆಲಸ ಫೋನಿನಿಂದ ಶುರುವಾಯಿತು. ಭಾನುವಾರ ಬೆಳಿಗ್ಗೆ ಅವಳು ಮೊದಲು ಅಣ್ಣನವರಿಗೆ ಮಾಡಿದಳು, ಯಜಮಾನರಿಗೆ ಆಮೇಲೆ. ಈ ಕ್ರಮ ಮುಖ್ಯ, ಏಕೆಂದರೆ ಏಕವಚನ ಬಿದ್ದದ್ದು ಅಣ್ಣನವರ ಮೇಲೆ. "ಕಾಕಾ, ಕಂಪ್ಯೂಟರ್‌ನಾಗ ಹಾಕಿ ತಗದೇನ್ರೀ, ನಾ ಓದಿ ನೋಡಲಿಲ್ಲ, ತಪ್ಪಾತು" ಎಂದಳು. ಅಷ್ಟೇ. ತಂತ್ರಾಂಶ ಹೇಗೆ ಕೆಲಸ ಮಾಡುತ್ತದೆ ಎಂದು ವಿವರಿಸಲು ಹೋಗಲಿಲ್ಲ. ಹೋಗಿದ್ದರೆ ಅದು ತಪ್ಪು ಒಪ್ಪಿಕೊಂಡ ಹಾಗಾಗುತ್ತಿರಲಿಲ್ಲ. ಆಮೇಲೆ ಸೋಮವಾರ ಎರಡನೆಯ ಮೇಲ್ ಹೋಯಿತು. ಈ ಸಲ ತಾನು ಫೋನಿನಲ್ಲಿ ಹೇಳುವಂತೆ ಗಟ್ಟಿಯಾಗಿ ಹೇಳಿ, ಮೊಬೈಲಿನಲ್ಲಿ ಧ್ವನಿಯಿಂದ ಟೈಪ್ ಮಾಡಿಸಿ, ಆಮೇಲೆ ಬರಹದ ರೂಪಕ್ಕೆ ತಂದಿದ್ದಳು:

"ಮಾನ್ಯರೇ, ನಮಸ್ಕಾರ.
ಹೊಸ ಫರ್ನೇಸ್ ಕೆಲಸ ಸುಸೂತ್ರವಾಗಿ ನಡೆದಿದೆ ಎಂದುಕೊಂಡಿದ್ದೇವೆ. ಈ ಸಲ ಬಂದ 400 ಹೌಸಿಂಗ್‌ಗಳಲ್ಲಿ 363 ಸರಿಯಾಗಿವೆ. ಉಳಿದ 37ರಲ್ಲಿ ಮಷಿನಿಂಗ್ ಆದ ಮೇಲೆ ಬೋರ್ ಒಳಗೆ ಬ್ಲೋ ಹೋಲ್ ಕಾಣಿಸಿಕೊಂಡಿವೆ. ಇವುಗಳಲ್ಲಿ 29 ಪೀಸು ಎರಡೇ ಹೀಟ್‌ನವು. ಹೀಟ್ ನಂಬರ್ ಪಟ್ಟಿ, ಫೋಟೋ ಜೊತೆಗಿವೆ.
ಕಳೆದ ತಿಂಗಳು ಅಣ್ಣಾವರು ಬಂದಾಗ ಮರಳಿನ ತೇವ ನೋಡಿಸುತ್ತೇನೆ ಎಂದಿದ್ದರು. ಅದರಲ್ಲಿ ಏನಾದರೂ ತಿಳಿದಿದ್ದರೆ ನಮಗೂ ತಿಳಿಸಿಕೊಡಿ. ಅವರೇ ಒಮ್ಮೆ ಬಂದು ಪೀಸು ನೋಡಿದರೆ ಕಾರಣ ಬೇಗ ಸಿಕ್ಕೀತು.
ಈ ಶುಕ್ರವಾರ ಖಂಡೇನವಮಿ. ನಿಮ್ಮಲ್ಲಿ ತಯಾರಿದ್ದಷ್ಟು ಪೀಸನ್ನು ಗುರುವಾರ ರಾತ್ರಿ ಲೋಡ್ ಮಾಡಿಸಿಕೊಟ್ಟರೆ ನಮ್ಮ ಲೈನ್ ನಿಲ್ಲುವುದಿಲ್ಲ. ಉಳಿದವು ದಸರೆ ಮುಗಿದು ಬರುವ ಬುಧವಾರ ಸಂಜೆ ಭೋಸರಿಗೆ ಮುಟ್ಟುವಂತೆ ಕಳಿಸಿಕೊಡಬೇಕಾಗಿ ವಿನಂತಿ.
37 ಪೀಸಿನ ಮಷಿನಿಂಗ್ ಖರ್ಚು, ಪೀಸಿಗೆ 110ರಂತೆ 4,070 ರೂಪಾಯಿ, ಲೆಕ್ಕದಲ್ಲಿ ಹಿಡಿಯಬೇಕಾಗುತ್ತದೆ. ಈ ಬಗ್ಗೆ ಫೋನಿನಲ್ಲಿ ಮಾತಾಡೋಣ.
ವಂದನೆಗಳೊಂದಿಗೆ"

ಗಮನಿಸಿ, ಇಲ್ಲಿ ಬೇಡಿಕೆ ಮೆತ್ತಗಾಗಿಲ್ಲ. ಮೊದಲ ಮೇಲ್‌ನಲ್ಲಿ ಇಲ್ಲದ ಮಷಿನಿಂಗ್ ಖರ್ಚು ಇದರಲ್ಲಿ ಸೇರಿದೆ. ಬಿಟ್ಟಿರುವುದು ಕ್ರೆಡಿಟ್ ನೋಟಿನ ಮಾತು. ಜಿಎಸ್‌ಟಿ ಪ್ರಕಾರ ಮಾಲು ವಾಪಸಾದಾಗ ತೆರಿಗೆ ಲೆಕ್ಕಕ್ಕೆ ಕ್ರೆಡಿಟ್ ನೋಟ್ ಕೊಡಬೇಕಾದವರು ಮಾರಿದವರು. ಅದನ್ನು ಯಜಮಾನರಿಗೆ ಬರೆಯುವುದಕ್ಕಿಂತ ಅವರ ಲೆಕ್ಕದವರಿಗೆ ಇನ್ವಾಯ್ಸ್ ನಂಬರ್ ಹಾಕಿ ಬೇರೆ ಮೇಲ್ ಮಾಡುವುದು ಒಳ್ಳೆಯದು, ಅವಳು ಹಾಗೇ ಮಾಡಿದಳು. ಆ ಮೇಲ್ ಇಂಗ್ಲಿಷ್‌ನಲ್ಲೇ ಇತ್ತು, ಚೆಕರ್ ತಿದ್ದಿದ ಹಾಗೇ ಹೋಯಿತು. ನಂಬರು, ಮೊತ್ತ, ತಾರೀಖು ಮಾತ್ರ ಇರುವ ಮೇಲ್‌ಗೆ ಚೆಕರ್ ಒಳ್ಳೆಯ ಜೊತೆಗಾರ.

ಅವಳ ಮೇಲ್‌ನ ಮರಾಠಿ ಪ್ರತಿ ಭೋಸರಿಯ ಕ್ವಾಲಿಟಿ ವಿಭಾಗಕ್ಕೂ ಹೋಗಬೇಕಿತ್ತು. ಅಲ್ಲಿ ಸಿಕ್ಕ ತೊಡಕು ಬೇರೆ. ಮರಾಠಿಯಲ್ಲಿ ಕೇಳುವವರನ್ನು ಬಿಟ್ಟು 'ನಾವು' ಎಂದರೆ 'ಆಮ್ಹಿ', ಕೇಳುವವರನ್ನೂ ಸೇರಿಸಿದರೆ 'ಆಪಣ'. ಇಂಗ್ಲಿಷ್‌ನ 'ವೀ', ಕನ್ನಡದ 'ನಾವು' ಎರಡಕ್ಕೂ ಈ ಭೇದವಿಲ್ಲ. ಸಹೋದ್ಯೋಗಿಗಳಿಗೇ 'ಆಮ್ಹಿ ಪೀಸು ತಪಾಸಣೆ ಮಾಡುತ್ತೇವೆ' ಎಂಬಂತೆ ಹೋದರೆ, ಕ್ವಾಲಿಟಿಯವರನ್ನು ಹೊರಗಿಟ್ಟ ಹಾಗೆ. ಪುಣೆಯ ಕನ್ನಡಿಗರು ಮಾತಿನಲ್ಲಿ ಇದನ್ನು ತಪ್ಪುವುದಿಲ್ಲ, ಅನುವಾದದಲ್ಲಿ ಬಂದದ್ದನ್ನು ಮಾತ್ರ ನೋಡದೆ ಬಿಡುತ್ತಾರೆ.

ಯಂತ್ರ ಕೊಟ್ಟ ಕನ್ನಡವನ್ನು ಬಳಸಲೇಬೇಕಾದಾಗ ಆ ಕಚೇರಿಯಲ್ಲಿ ಈಗ ಮಾಡುವುದು ಇಷ್ಟು. ಮೊದಲು ಹುಡುಕುವ ಕಿಟಕಿಯಲ್ಲಿ 'ಅವನು', 'ಅವಳು' ಹಾಕಿ ನೋಡುತ್ತಾರೆ. ಬಳಿಕ ಪ್ರತಿ ವಾಕ್ಯದ ಕೊನೆಯ ಕ್ರಿಯಾಪದವನ್ನಷ್ಟೇ ಓದುತ್ತಾರೆ, ಏಕೆಂದರೆ 'ಅವನು' ಇಲ್ಲದೆಯೂ 'ಬಂದನು', 'ಹೇಳಿದ' ಉಳಿದಿರುತ್ತದೆ. 'ನೀವು' ಎಂದು ಶುರುವಾಗಿ ದೋಷದಲ್ಲಿ ಮುಗಿಯುವ ವಾಕ್ಯ ಕಂಡರೆ ವಸ್ತುವನ್ನು ಕರ್ತೃ ಮಾಡುತ್ತಾರೆ. 'ದಯವಿಟ್ಟು' ಒಂದಕ್ಕಿಂತ ಹೆಚ್ಚಿದ್ದರೆ ತೆಗೆದು ಕ್ರಿಯಾಪದಕ್ಕೆ 'ಕೊಡಿ' ಹಚ್ಚುತ್ತಾರೆ. ವಾರದ ಹೆಸರಿನ ಪಕ್ಕ ತಾರೀಖು ಬರೆದು ಕ್ಯಾಲೆಂಡರ್ ನೋಡುತ್ತಾರೆ. ಐದು ನಿಮಿಷದ ಕೆಲಸ. ದೂರು, ದುಡ್ಡು, ಹಿರಿಯರ ಹೆಸರು ಈ ಮೂರರಲ್ಲಿ ಯಾವುದಾದರೂ ಇದ್ದರೆ ಅಷ್ಟೂ ಸಾಲದು, ಆ ಕಡೆಯ ಕನ್ನಡ ಬಲ್ಲ ಇನ್ನೊಬ್ಬರಿಗೆ ಫೋನಿನಲ್ಲಿ ಓದಿ ಹೇಳುತ್ತಾರೆ. ಕಣ್ಣಿಗೆ ಕಾಣದ ಏಕವಚನ ಕಿವಿಗೆ ತಟ್ಟನೆ ಸಿಗುತ್ತದೆ.

ಗುರುವಾರ ರಾತ್ರಿ 16 ಪೀಸು ಲೋಡ್ ಆದವು, ಉಳಿದ 21 ಬುಧವಾರ ಮುಟ್ಟಿದವು. ಅಣ್ಣನವರು ದಸರೆಯಾದ ಮೇಲೆ ಬಂದು ಪೀಸು ಕೊಯ್ಯಿಸಿ ನೋಡಿ, 29ಕ್ಕೆ ಕೋರ್ ಹಸಿಯಿದ್ದದ್ದೇ ಕಾರಣ ಎಂದು ಒಪ್ಪಿದರು. ಉಳಿದ 8ರ ಬಗ್ಗೆ ಒಪ್ಪಲಿಲ್ಲ, ಮಷಿನಿಂಗ್ ಖರ್ಚನ್ನು 29ಕ್ಕಷ್ಟೇ ಕೊಟ್ಟರು: 3,190 ರೂಪಾಯಿ. ಆ ಎಂಟು ಪೀಸು ಇನ್ನೂ ಭೋಸರಿಯ ರಿಜೆಕ್ಷನ್ ರ್‍ಯಾಕ್‌ನಲ್ಲಿ ಕೆಂಪು ಬಣ್ಣ ಬಳಿಸಿಕೊಂಡು ಕೂತಿವೆ.